ಕಾಗದದ ಮೇಲೆ ಕೆಂಪು ರಕ್ತ: ಫಿಶರ್, ಪೈಲ್ಸ್ ಎರಡೂ ಇದ್ದ ಒಬ್ಬ ರೋಗಿಯ ಪ್ರಕರಣ

ರೋಗಿ 34 ವರ್ಷದ ಗಂಡಸು. ಊರು ಮಂಡ್ಯದ ಕಡೆ, ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮದುವೆಯಾಗಿ ನಾಲ್ಕು ವರ್ಷ, ಬೀಡಿ-ಸಿಗರೇಟು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಎರಡೂವರೆ ತಿಂಗಳಿನಿಂದ ಮಲವಿಸರ್ಜನೆ ಆದಾಗಲೆಲ್ಲ ಟಾಯ್ಲೆಟ್ ಪೇಪರ್ ಮೇಲೆ ಕೆಂಪು ರಕ್ತ ಕಾಣುತ್ತಿದೆ ಎಂಬುದು ದೂರು. ಓಪಿಡಿ ಚೀಟಿಯಲ್ಲಿ ‘ಪೈಲ್ಸ್’ ಎಂದು ಬರೆಸಿಕೊಂಡೇ ಒಳಗೆ ಬಂದಿದ್ದರು. ಚಿಕ್ಕಪ್ಪನಿಗೆ ಮೂಲವ್ಯಾಧಿ ಆಪರೇಷನ್ ಆಗಿತ್ತು, ಹಾಗಾಗಿ ತನಗೂ ಅದೇ ಇರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿ ಆಗಿತ್ತು.

ರಕ್ತ ಮೊದಲು ಕಂಡದ್ದು ಮನೆಯಲ್ಲಲ್ಲ, ಆಫೀಸಿನಲ್ಲಿ. ಮನೆಯಲ್ಲಿ ನೀರಿನಲ್ಲಿ ತೊಳೆದುಕೊಳ್ಳುವ ರೂಢಿ. ನಾಲ್ಕು ಹನಿ ರಕ್ತ ನೀರಿನ ಜೊತೆ ಹೋಗಿಬಿಟ್ಟರೆ ಗೊತ್ತೇ ಆಗುವುದಿಲ್ಲ. ಆಫೀಸಿನಲ್ಲಿ ಬಿಳಿ ಪೇಪರ್ ಇಟ್ಟಿದ್ದರು, ಅದರ ಮೇಲೆ ಒಂದು ಗೆರೆ ಎದ್ದು ಕಂಡಿತು. ನಮ್ಮ ಕಡೆಯ ರೋಗಿಗಳಲ್ಲಿ ‘ರಕ್ತ ಯಾವಾಗಿಂದ ಹೋಗುತ್ತಿದೆ’ ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಪೂರ್ತಿ ನಂಬದಿರಲು ಇದೂ ಒಂದು ಕಾರಣ. ಅವರು ಹೇಳುವುದು ಕಣ್ಣಿಗೆ ಬಿದ್ದ ದಿನವನ್ನು. ನೋವು ಯಾವಾಗ ಶುರುವಾಯಿತು ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚು ಗಟ್ಟಿ.

ಇವರನ್ನೂ ಅದನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಗಾಜಿನ ಚೂರು ಹೊರಗೆ ಬಂದಂಗಾಯ್ತದೆ. ಆಮೇಲೆ ಎರಡು ಗಂಟೆ ಉರಿ. ಕುರ್ಚಿ ಮೇಲೆ ಕೂರೋಕೂ ಆಗಲ್ಲ, ಮೀಟಿಂಗ್‌ನಲ್ಲಿ ಎದ್ದು ನಿಂತ್ಕೊಂಡಿರ್ತೀನಿ” ಎಂದರು.

ಇಷ್ಟು ಕೇಳಿದಾಗಲೇ ಅರ್ಧಕ್ಕರ್ಧ ರೋಗನಿರ್ಣಯ ಆಗಿಹೋಯಿತು. ಪೈಲ್ಸ್ ಸಾಮಾನ್ಯವಾಗಿ ಹೀಗೆ ನೋಯಿಸುವುದಿಲ್ಲ. ಮಲ ಹೊರಬರುವ ಕ್ಷಣದಲ್ಲಿ ಸೀಳಿದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ ಮತ್ತು ಹಿಂಡಿದಂಥ ಸೆಳೆತ, ಪೇಪರಿನ ಮೇಲೆ ಸ್ವಲ್ಪವೇ ಸ್ವಲ್ಪ ಕೆಂಪು ರಕ್ತ ಇವು ಮೂರೂ ಒಟ್ಟಿಗೆ ಬಂದರೆ ಅದು ಬಹುತೇಕ ಆನಲ್ ಫಿಶರ್, ಅಂದರೆ ಗುದದ್ವಾರದ ಅಂಚಿನ ಚರ್ಮ ಬಿರಿದಿರುವುದು.

ಉಳಿದ ವಿವರಗಳನ್ನು ಒಂದೊಂದಾಗಿ ಕೇಳುತ್ತ ಹೋದೆ. ರಕ್ತ ಮಲದ ಮೇಲ್ಮೈಯಲ್ಲಿ ಗೆರೆಯಂತೆ ಇರುತ್ತದೆಯೋ, ಮಲದೊಳಗೇ ಕಲೆಸಿಹೋಗಿರುತ್ತದೆಯೋ? ಗೆರೆಯಂತೆ, ಅದೂ ಒಂದು ಪಕ್ಕದಲ್ಲಿ ಮಾತ್ರ. ಕಮೋಡಿನೊಳಗೆ ತೊಟ್ಟಿಕ್ಕಿದೆಯೇ? ಇಲ್ಲ, ಪೇಪರಿನ ಮೇಲೆ ಅಷ್ಟೇ. ಲೋಳೆ? ಇಲ್ಲ. ತೂಕ ಇಳಿದಿದೆಯೇ? ಇಲ್ಲ, ಬದಲಿಗೆ ಮೂರು ಕೆಜಿ ಏರಿದೆ. ಹೋಗಿಬಂದ ಮೇಲೂ ಇನ್ನೂ ಹೋಗಬೇಕು ಅನ್ನಿಸುತ್ತದೆಯೇ? ಇಲ್ಲ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತೇ? ಇಲ್ಲ. ಈ ಪ್ರಶ್ನೆಗಳು ಶಾಸ್ತ್ರಕ್ಕೆ ಕೇಳುವಂಥವಲ್ಲ. ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದಿದ್ದರೂ ಮುಂದಿನ ದಾರಿ ಬೇರೆಯಾಗುತ್ತಿತ್ತು. ಅದರ ಮಾತು ಆಮೇಲೆ ಬರುತ್ತದೆ.

ಇನ್ನು ದಿನಚರಿ. ಬೆಳಿಗ್ಗೆ ಎರಡು ಇಡ್ಲಿ ಅಥವಾ ಬ್ರೆಡ್ಡು, ಮಧ್ಯಾಹ್ನ ಕ್ಯಾಂಟೀನಿನ ಅನ್ನ-ಸಾರು, ರಾತ್ರಿ ಆನ್‌ಲೈನಿನಲ್ಲಿ ತರಿಸಿದ್ದು. ಊರಿನಲ್ಲಿದ್ದಾಗ ದಿನಾ ರಾಗಿಮುದ್ದೆ, ಸೊಪ್ಪಿನ ಸಾರು. ಇಲ್ಲಿ ಮುದ್ದೆ ಕಂಡು ತಿಂಗಳುಗಳೇ ಆಗಿವೆ. 100 ಗ್ರಾಂ ರಾಗಿಯಲ್ಲಿ ನಾರಿನಂಶ ಹತ್ತಿರ ಹತ್ತಿರ 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ದಿನಕ್ಕೆ ಬೇಕಾದ್ದು 25ರಿಂದ 30 ಗ್ರಾಂ. ಇವರ ಊಟದ ಲೆಕ್ಕ ಹಾಕಿದರೆ ಅದರ ಅರ್ಧವೂ ತುಂಬುವಂತಿರಲಿಲ್ಲ. ಏಸಿ ಕೋಣೆಯಲ್ಲಿ ಬಾಯಾರುವುದಿಲ್ಲ, ಹಾಗಾಗಿ ನೀರೂ ಕಡಿಮೆ. ಕಕ್ಕಸಿಗೆ ಹೋಗುವಾಗ ಫೋನು ಜೊತೆಗೆ. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಅಲ್ಲೇ.

ಇದಕ್ಕಿಂತ ಮುಖ್ಯವಾದ ವಿಷಯ ತಡವಾಗಿ ಹೊರಬಂತು. ನೋವಿಗೆ ಹೆದರಿ ಇವರು ಮಲ ಬಂದರೂ ತಡೆದುಕೊಳ್ಳುತ್ತಿದ್ದರು. ಮಾರನೇ ದಿನ ಹೋಗಬೇಕಾಗಬಾರದು ಎಂದು ರಾತ್ರಿಯ ಊಟ ಬಿಟ್ಟ ದಿನಗಳೂ ಇದ್ದವು. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತ ಹೋಗುತ್ತದೆ. ಎರಡು ದಿನ ಬಿಟ್ಟು ಬಂದ ಮಲ ಒಣಗಿ ಗಟ್ಟಿಯಾಗಿ, ಮಾಯಲು ಶುರುವಾಗಿದ್ದ ಗಾಯವನ್ನು ಮತ್ತೆ ಬಿರಿಸುತ್ತದೆ. ಫಿಶರ್ ಇರುವವರಲ್ಲಿ ಬಹಳ ಮಂದಿ ಈ ಸುಳಿಯಲ್ಲೇ ಸಿಕ್ಕಿಕೊಂಡಿರುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಅಷ್ಟರಲ್ಲಿ ಮೆಡಿಕಲ್ ಶಾಪಿನಿಂದ ‘ಪೈಲ್ಸ್‌ಗೆ’ ಎಂದು ಕೇಳಿ ಒಂದು ಮುಲಾಮು, ಒಂದು ಡಬ್ಬಿ ಮಾತ್ರೆ ಮುಗಿಸಿದ್ದರು. ಮುಲಾಮಿನಲ್ಲಿ ಮರಗಟ್ಟಿಸುವ ಔಷಧಿಯ ಜೊತೆ ಸ್ಟೀರಾಯ್ಡ್ ಇತ್ತು. ಮರಗಟ್ಟಿಸುವ ಔಷಧಿಯಿಂದ ಒಂದಿಷ್ಟು ಹೊತ್ತು ಆರಾಮ ಸಿಗುವುದು ನಿಜ. ಆದರೆ ಸ್ಟೀರಾಯ್ಡನ್ನು ವಾರಗಟ್ಟಲೆ ಹಚ್ಚಿದರೆ ಅಲ್ಲಿನ ಚರ್ಮ ತೆಳುವಾಗುತ್ತದೆ, ಬಿರಿಯುವ ಚರ್ಮಕ್ಕೆ ಅದು ಬೇಕಾಗಿಲ್ಲ. ಮಾತ್ರೆಗಳಂತೂ ಪೈಲ್ಸ್‌ನ ರಕ್ತನಾಳಗಳಿಗೆಂದು ಮಾಡಿದವು. ಫಿಶರಿಗೂ ಅವಕ್ಕೂ ಸಂಬಂಧವಿಲ್ಲ.

ಪರೀಕ್ಷೆ ಸರಳ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳನ್ನು ಹೊಟ್ಟೆಯ ಕಡೆ ಮಡಿಸಲು ಹೇಳಿ, ಪೃಷ್ಠವನ್ನು ನಿಧಾನವಾಗಿ ಅಗಲಿಸಿ ನೋಡಿದರೆ ಸಾಕು. ಬೆನ್ನುಮೂಳೆಯ ತುದಿಯ ಕಡೆಗೆ, ನಡುಮಧ್ಯದಲ್ಲಿ, ಒಂದು ಸಣ್ಣ ಉದ್ದನೆಯ ಸೀಳು. ಅಂಚು ಸ್ವಲ್ಪ ದಪ್ಪಗಾಗಿತ್ತು. ಅದರ ಹೊರತುದಿಯಲ್ಲಿ ಕಡಲೆಕಾಳಿನಷ್ಟು ಚರ್ಮದ ಗಂಟು. ಕನ್ನಡಿ ಇಟ್ಟುಕೊಂಡು ನೋಡಿ ಇವರು ‘ಪೈಲ್ಸ್ ಮೊಳೆ’ ಎಂದುಕೊಂಡಿದ್ದು ಅದನ್ನೇ. ಹಳೆಯ ಫಿಶರಿನ ಪಕ್ಕದಲ್ಲಿ ಊತ ಬಂದು ಬಂದು ಬೆಳೆಯುವ ಬರಿಯ ಚರ್ಮ ಅದು. ಅದರೊಳಗೆ ಪೈಲ್ಸ್‌ನ ರಕ್ತನಾಳಗಳಿಲ್ಲ, ರಕ್ತ ಬರುವುದೂ ಅದರಿಂದಲ್ಲ.

ಆ ದಿನ ಬೆರಳು ಹಾಕಿ ನೋಡಲಿಲ್ಲ, ಒಳಗೆ ನೋಡುವ ಕೊಳವೆಯಾದ ಪ್ರಾಕ್ಟೋಸ್ಕೋಪನ್ನೂ ಮುಟ್ಟಲಿಲ್ಲ. ಸ್ನಾಯು ಕಲ್ಲಿನಂತೆ ಬಿಗಿದುಕೊಂಡಿರುವಾಗ ಬಲವಂತ ಮಾಡಿದರೆ ರೋಗಿ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ, ಆ ಕ್ಷಣಕ್ಕೆ ಹೊಸದೇನೂ ತಿಳಿಯುವುದೂ ಇಲ್ಲ. ಆದರೆ ನೋವು ಇಳಿದ ಮೇಲೆ ಒಳಗೆ ನೋಡಲೇಬೇಕು ಎಂದು ಚೀಟಿಯಲ್ಲಿ ಬರೆದು, ಅವರಿಗೂ ಹೇಳಿದೆ. ಹೊರಗೆ ಫಿಶರ್ ಕಂಡಿತು ಎಂದು ಒಳಗೆ ಬೇರೇನೂ ಇಲ್ಲ ಎಂದುಕೊಳ್ಳುವಂತಿಲ್ಲ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 13.6 ಇತ್ತು, ಗಂಡಸರಿಗೆ ಸಾಕಷ್ಟಾಯಿತು.

ಇಲ್ಲಿ ಆ ಜಾಗದ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪೈಲ್ಸ್ ಮತ್ತು ಫಿಶರ್ ನಡುವಿನ ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ ಹುಟ್ಟುತ್ತದೆ. ಗುದನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಅದರ ನಡುವೆ, ಹೊರ ಅಂಚಿನಿಂದ ಹೆಚ್ಚು ಕಡಿಮೆ 2 ಸೆಂಟಿಮೀಟರ್ ಒಳಗೆ, ಹಲ್ಲುಹಲ್ಲಾಗಿ ಕಾಣುವ ಒಂದು ಗಡಿರೇಖೆ ಇದೆ. ರೇಖೆಯ ಕೆಳಗಿರುವುದು ಚರ್ಮದ ಜಾತಿ. ಬೆರಳ ತುದಿಯಷ್ಟೇ ಚುರುಕಾಗಿ ನೋವು ಅರಿಯುತ್ತದೆ. ರೇಖೆಯ ಮೇಲಿರುವುದು ಕರುಳಿನ ಒಳಪೊರೆ. ಅದಕ್ಕೆ ಹಿಗ್ಗಿದ್ದು ಗೊತ್ತಾಗುತ್ತದೆ, ಕೊಯ್ದದ್ದು ಗೊತ್ತಾಗುವುದಿಲ್ಲ. ಫಿಶರ್ ಆಗುವುದು ರೇಖೆಯ ಕೆಳಗೆ, ಆದ್ದರಿಂದ ಅಷ್ಟು ನೋವು. ರಕ್ತ ಸುರಿಸುವ ಒಳ ಪೈಲ್ಸ್ ಇರುವುದು ರೇಖೆಯ ಮೇಲೆ, ಆದ್ದರಿಂದ ನೋವಿಲ್ಲದ ರಕ್ತ.

ಪೈಲ್ಸ್ ಎಂಬುದು ಹೊರಗಿನಿಂದ ಬಂದು ಸೇರಿಕೊಂಡ ಗಂಟೇನೂ ಅಲ್ಲ. ರಕ್ತನಾಳಗಳಿಂದ ತುಂಬಿದ ಮೂರು ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಗಾಳಿಯನ್ನೂ ನೀರುನೀರಾದ ಮಲವನ್ನೂ ಸೋರದಂತೆ ಹಿಡಿಯಲು ಅವು ಬೇಕು. ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಮೆತ್ತೆಯಿಂದ ಮೇಲಕ್ಕೆ ಹಿಂದಿರುಗಬೇಕಾದ ರಕ್ತ ಅಲ್ಲೇ ನಿಲ್ಲುತ್ತದೆ. ಮೆತ್ತೆ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಅದನ್ನು ಗೋಡೆಗೆ ಹಿಡಿದಿಟ್ಟ ಎಳೆಗಳು ಸಡಿಲವಾಗಿ ಮೆತ್ತೆ ಕೆಳಕ್ಕೆ ಜಾರುತ್ತದೆ. ಅಂಥ ಊದಿದ ಮೆತ್ತೆಯ ತೆಳು ಪೊರೆಯನ್ನು ಗಟ್ಟಿ ಮಲ ಉಜ್ಜಿಕೊಂಡು ಹೋದಾಗ ರಕ್ತ ಜಿನುಗುತ್ತದೆ, ತೊಟ್ಟಿಕ್ಕುತ್ತದೆ, ಒಮ್ಮೊಮ್ಮೆ ಚಿಮ್ಮುವುದೂ ಉಂಟು. ಮೆತ್ತೆಗಳಲ್ಲಿ ಅಪಧಮನಿಗಳು ನೇರವಾಗಿ ಅಭಿಧಮನಿಗಳಿಗೆ ಕೂಡಿಕೊಳ್ಳುವುದರಿಂದ ಬರುವ ರಕ್ತ ಕಪ್ಪಗಿರದೆ ಕೆಂಪಗೆ ಹೊಳೆಯುತ್ತದೆ. ಬಾಗಿಲ ಬಳಿಯೇ ಹುಟ್ಟಿ ತಕ್ಷಣ ಹೊರಬರುವುದರಿಂದ ಕರುಳಿನಲ್ಲಿ ಉಳಿದು ಕಪ್ಪಾಗಲು ಸಮಯವೂ ಇರುವುದಿಲ್ಲ. ಫಿಶರಿನ ರಕ್ತವೂ ಇದೇ ಕಾರಣಕ್ಕೆ ಕೆಂಪು. ಹಾಗಾಗಿ ಬಣ್ಣ ನೋಡಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸುವುದು ನೋವು, ಸ್ವಲ್ಪ ಮಟ್ಟಿಗೆ ರಕ್ತದ ಪ್ರಮಾಣ.

ಫಿಶರ್ ಮಾಯದೆ ಉಳಿಯುವುದೇಕೆ? ಬೆರಳು ಕೊಯ್ದುಕೊಂಡರೆ ವಾರದಲ್ಲಿ ಮಾಯುತ್ತದೆ. ಇದು ಎರಡೂವರೆ ತಿಂಗಳಾದರೂ ಹಾಗೇ ಇತ್ತು. ಬಹಳ ಮಂದಿ ‘ಅಲ್ಲಿ ಕೊಳೆ ತಾಗುತ್ತದಲ್ಲ, ಅದಕ್ಕೇ’ ಎಂದುಕೊಂಡು ಡೆಟಾಲ್ ಹಾಕಿ ಉಜ್ಜುತ್ತಾರೆ. ಕೊಳೆ ಕಾರಣವಲ್ಲ. ಗಾಯದ ನೋವಿಗೆ ಒಳಗಿನ ಸ್ನಾಯುಬಳೆ, ನಮ್ಮ ಇಚ್ಛೆಗೆ ಸಿಗದೆ ತಾನಾಗಿ ಬಿಗಿದುಕೊಳ್ಳುವ ಆ ಸ್ನಾಯು, ಹಿಂಡಿಕೊಳ್ಳುತ್ತದೆ. ಗಂಟೆಗಟ್ಟಲೆ ಉಳಿಯುವ ಸೆಳೆತ ಅದರದ್ದೇ. ಬಿಗಿದ ಸ್ನಾಯುವಿನ ಮೂಲಕ ಚರ್ಮಕ್ಕೆ ಹೋಗುವ ಸಣ್ಣ ರಕ್ತನಾಳಗಳೂ ಹಿಂಡಲ್ಪಡುತ್ತವೆ. ಹಿಂಭಾಗದ ನಡುಮಧ್ಯದಲ್ಲಿ ರಕ್ತಪೂರೈಕೆ ಮೊದಲೇ ಬಡವಾಗಿರುತ್ತದೆ. ರಕ್ತವಿಲ್ಲದ ಜಾಗದಲ್ಲಿ ಗಾಯ ಮಾಯುವುದಿಲ್ಲ. ಹತ್ತರಲ್ಲಿ ಒಂಬತ್ತು ಫಿಶರುಗಳು ಇದೇ ಜಾಗದಲ್ಲಿ ಕಾಣುವುದಕ್ಕೂ ಇದೇ ವಿವರಣೆ. ಹೆಂಗಸರಲ್ಲಿ ಮಾತ್ರ, ಅದರಲ್ಲೂ ಹೆರಿಗೆಯಾದ ಮೇಲೆ, ಮುಂಭಾಗದ ನಡುವಿನಲ್ಲೂ ಒಂದಿಷ್ಟು ಆಗುತ್ತವೆ. ಎಡಕ್ಕೋ ಬಲಕ್ಕೋ ಪಕ್ಕದಲ್ಲಿ ಫಿಶರ್ ಕಂಡರೆ ನಾನು ಮುಲಾಮು ಬರೆದು ಕಳಿಸುವುದಿಲ್ಲ. ಅಲ್ಲಿ ಕ್ಷಯ, ಕ್ರೋನ್ಸ್ ಕಾಯಿಲೆ, ಎಚ್‌ಐವಿ, ಸಿಫಿಲಿಸ್ ಇವನ್ನೆಲ್ಲ ಯೋಚಿಸಬೇಕಾಗುತ್ತದೆ.

ಈ ತಿಳಿವಳಿಕೆಯ ಮೇಲೆ ಚಿಕಿತ್ಸೆ ನಿಂತಿದೆ: ಮಲ ಮೆತ್ತಗಾಗಬೇಕು, ಸ್ನಾಯು ಸಡಿಲವಾಗಬೇಕು. ಆರು ವಾರ ದಾಟಿದ ಫಿಶರ್ ಆದ್ದರಿಂದ ಬರಿಯ ಇಸಬ್‌ಗೋಲಿನಲ್ಲಿ ಮುಗಿಯುವಂತಿರಲಿಲ್ಲ. 2 ಶೇಕಡಾ ಡಿಲ್ಟಿಯಾಜೆಮ್ ಮುಲಾಮು ಬರೆದೆ. ಇದು ರಕ್ತದೊತ್ತಡಕ್ಕೆ ಮಾತ್ರೆಯಾಗಿ ಕೊಡುವ ಔಷಧಿಯೇ. ಹಚ್ಚಿದ ಜಾಗದಲ್ಲಿ ಸ್ನಾಯುವನ್ನು ಸಡಿಲಿಸಿ ರಕ್ತ ಹರಿಯುವಂತೆ ಮಾಡುತ್ತದೆ. ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ, ಗುದದ್ವಾರದ ಅಂಚಿಗೆ ಮತ್ತು ಸ್ವಲ್ಪವೇ ಒಳಕ್ಕೆ. ಟ್ಯೂಬಿನ ಉದ್ದನೆಯ ಮೂತಿಯನ್ನು ಪೂರ್ತಿ ಒಳಗೆ ತೂರಿಸಬಾರದು ಎಂದು ಕೈಯಲ್ಲಿ ತೋರಿಸಿ ಹೇಳಬೇಕಾಗುತ್ತದೆ, ಏಕೆಂದರೆ ತೂರಿಸಿದರೆ ಮುಲಾಮು ಗಾಯವನ್ನು ದಾಟಿ ಕರುಳಿಗೆ ಹೋಗಿ ಸೇರುತ್ತದೆ, ಮೂತಿ ಗಾಯವನ್ನು ಕೆರೆಯುತ್ತದೆ. ನೋವು ನಿಂತರೂ ಪೂರ್ತಿ ಎಂಟು ವಾರ ಹಚ್ಚಬೇಕು. ಮುಲಾಮಿನಿಂದ ವಾಸಿಯಾಗುವುದು ಹೆಚ್ಚು ಕಡಿಮೆ ಮೂವರಲ್ಲಿ ಇಬ್ಬರಿಗೆ. ಉಳಿದವರಿಗೆ ಬೊಟಾಕ್ಸ್ ಚುಚ್ಚುಮದ್ದು ಅಥವಾ ಆ ಸ್ನಾಯುವಿನ ಒಂದಂಶವನ್ನು ಪಕ್ಕದಲ್ಲಿ ಕತ್ತರಿಸುವ ಆಪರೇಷನ್ ಇದೆ. ಆಪರೇಷನ್ ಗೆಲ್ಲುವುದು ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿ, ಆದರೆ ಗಾಳಿ ತಡೆಯುವ ಹಿಡಿತ ಕೆಲವರಲ್ಲಿ ಸಡಿಲವಾಗುತ್ತದೆ. ಹೆರಿಗೆಯಲ್ಲಿ ಸ್ನಾಯು ಹರಿದ ಹೆಂಗಸರಲ್ಲಿ ಈ ಭಯ ಇನ್ನೂ ಹೆಚ್ಚು. ಅದಕ್ಕೇ ಮೊದಲು ಮುಲಾಮು.

ಇಸಬ್‌ಗೋಲ್ ಬಗ್ಗೆ ಒಂದಿಷ್ಟು ಹೆಚ್ಚೇ ಮಾತಾಡಿದೆ, ಏಕೆಂದರೆ ಅದನ್ನು ತಪ್ಪಾಗಿ ತೆಗೆದುಕೊಂಡು ‘ನನಗೆ ಆಗಿಬರಲಿಲ್ಲ’ ಎನ್ನುವವರೇ ಜಾಸ್ತಿ. ಮೊದಲ ವಾರ ರಾತ್ರಿ ಒಂದು ಚಮಚ, ಆಮೇಲೆ ಎರಡು. ದೊಡ್ಡ ಲೋಟದ ನೀರಿಗೆ ಹಾಕಿ, ಕಲಕಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಕಡಿಮೆ ನೀರಿನಲ್ಲಿ ತೆಗೆದುಕೊಂಡರೆ ಅದು ಕರುಳಿನಲ್ಲಿ ಅಂಟಂಟಾಗಿ ನಿಂತು ಮಲಬದ್ಧತೆಯನ್ನು ಹೆಚ್ಚಿಸುತ್ತದೆ. ಮೊದಲ ದಿನವೇ ಮೂರು ಚಮಚ ಹಾಕಿಕೊಂಡರೆ ಹೊಟ್ಟೆಯುಬ್ಬರ ಬಂದು ಎರಡೇ ದಿನಕ್ಕೆ ಡಬ್ಬಿ ಕಪಾಟಿನ ಹಿಂದೆ ಸೇರುತ್ತದೆ. ಇದು ಭೇದಿ ಮಾಡಿಸುವ ಔಷಧಿಯಲ್ಲ, ನೀರು ಹಿಡಿದಿಡುವ ನಾರು. ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಆ ಮೂರು ದಿನಕ್ಕೆಂದು ಲ್ಯಾಕ್ಟುಲೋಸ್ ಸಿರಪ್ ಕೊಟ್ಟೆ.

ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು ಗಾಯವನ್ನು ಬೇಗ ಮಾಯಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಆದರೂ ಸೆಳೆತ ಇಳಿಯುತ್ತದೆ, ರೋಗಿಗೆ ಹಿತವಾಗುತ್ತದೆ. ಮಲವಿಸರ್ಜನೆಯಾದ ಕೂಡಲೇ ಕೂತರೆ ಒಳ್ಳೆಯದು. ನೀರಿಗೆ ಉಪ್ಪು, ಡೆಟಾಲ್, ನೇರಳೆ ಬಣ್ಣದ ಪೊಟ್ಯಾಶ್ ಯಾವುದೂ ಬೇಡ. ಒರಟು ಪೇಪರಿನಿಂದ ಉಜ್ಜುವುದು ಬೇಡ, ನೀರಿನಲ್ಲಿ ತೊಳೆದು ಮೆತ್ತಗೆ ಒತ್ತಿಕೊಳ್ಳಬೇಕು. ಜೆಟ್ ಸ್ಪ್ರೇಯ ರಭಸವನ್ನೂ ಕಡಿಮೆ ಇಡಬೇಕು.

ತಿಣುಕುವುದನ್ನು ಬಿಡಿ ಎಂದು ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ತಿಣುಕದೆ ಬರುವಂತೆ ಮಾಡಬೇಕು. ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚಲಿಸುತ್ತದೆ, ಹೋಗಲು ಅದೇ ಹೊತ್ತು. ಇವರು ಆ ಹೊತ್ತಿನಲ್ಲಿ ಟ್ರಾಫಿಕ್ಕಿನಲ್ಲಿ ಇರುತ್ತಿದ್ದರು. ತಿಂಡಿಯನ್ನು ಮುಕ್ಕಾಲು ಗಂಟೆ ಮುಂಚೆಯೇ ತಿನ್ನಲು ಹೇಳಿದೆ. ಕುಕ್ಕರಗಾಲಲ್ಲಿ ಕೂತಾಗ ಕೆಳಗರುಳಿನ ತಿರುವು ನೇರವಾಗಿ ಮಲ ಸಲೀಸಾಗಿ ಇಳಿಯುತ್ತದೆ; ಕಮೋಡಿದ್ದವರು ಕಾಲ ಕೆಳಗೆ ಒಂದು ಗೇಣಿನಷ್ಟು ಎತ್ತರದ ಮಣೆ ಇಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿದರೆ ಬಹುಪಾಲು ಅದೇ ಲಾಭ ಸಿಗುತ್ತದೆ. ಐದು ನಿಮಿಷದಲ್ಲಿ ಬರದಿದ್ದರೆ ಎದ್ದುಬಿಡಬೇಕು. ಫೋನು ಹೊರಗೆ.

ಎರಡು ವಾರಕ್ಕೆ ಫೋನಿನಲ್ಲಿ ವಿಚಾರಿಸಿದಾಗ ಎರಡು ಗಂಟೆಯ ಉರಿ ಹತ್ತು ನಿಮಿಷಕ್ಕೆ ಇಳಿದಿತ್ತು, ರಕ್ತ ನಿಂತಿತ್ತು. ನಾಲ್ಕನೇ ವಾರ ನೋವೇ ಇಲ್ಲ. ಆಗ ಎಲ್ಲರೂ ಮಾಡುವಂತೆ ಇವರೂ ಇಸಬ್‌ಗೋಲ್ ನಿಲ್ಲಿಸಿದರು. ಪುಣ್ಯಕ್ಕೆ ಮುಲಾಮು ನಿಲ್ಲಿಸಲಿಲ್ಲ.

ಏಳನೇ ವಾರ ಊರಿನಲ್ಲಿ ತಂಗಿಯ ಮದುವೆ, ಬೀಗರ ಊಟ. ಮೂರು ದಿನ ಓಡಾಟ, ಮನೆ ತುಂಬ ನೆಂಟರು, ಕಕ್ಕಸಿಗೆ ಸರದಿ. ಮೂರು ದಿನವೂ ಸರಿಯಾಗಿ ಹೋಗಲಿಲ್ಲ. ನಾಲ್ಕನೇ ದಿನ ಬೆಂಗಳೂರಿಗೆ ಬಂದು ಇಪ್ಪತ್ತು ನಿಮಿಷ ತಿಣುಕಿದರು. ಎದ್ದು ನೋಡಿದರೆ ಕಮೋಡಿನ ನೀರೆಲ್ಲ ಕೆಂಪು.

“ಮತ್ತೆ ಸೀಳಿಬಿಡ್ತು ಸಾರ್, ಈ ಸಲ ಜಾಸ್ತಿ” ಎಂದು ಅವತ್ತೇ ಸಂಜೆ ಬಂದರು. ನೋವು ಹೇಗಿದೆ ಎಂದು ಕೇಳಿದೆ. ಆಗಲೇ ಅವರಿಗೂ ಹೊಳೆದದ್ದು: ನೋವಿರಲಿಲ್ಲ. ರಕ್ತ ಮಾತ್ರ ತೊಟತೊಟ ಬಿದ್ದಿತ್ತು.

ಈ ಬಾರಿ ಪರೀಕ್ಷೆಗೆ ಅಡ್ಡಿಯಿರಲಿಲ್ಲ. ಫಿಶರ್ ಇದ್ದಲ್ಲಿ ಈಗ ಒಂದು ಬಿಳಿ ಗೆರೆ ಮಾತ್ರ, ಪೂರ್ತಿ ಮಾಯ್ದಿತ್ತು. ಬೆರಳು ಹಾಕಿ ಕೆಳಗರುಳಿನ ಗೋಡೆಯನ್ನು ಸುತ್ತಲೂ ಸವರಿ ನೋಡಿದೆ, ಗಂಟು ಗಡ್ಡೆ ಏನೂ ತಾಗಲಿಲ್ಲ. ಒಳ ಪೈಲ್ಸ್ ಬೆರಳಿಗೆ ಸಿಗುವುದಿಲ್ಲ, ಒತ್ತಿದರೆ ಮೆತ್ತೆ ಖಾಲಿಯಾಗಿಬಿಡುತ್ತದೆ. ಅದಕ್ಕೆ ಪ್ರಾಕ್ಟೋಸ್ಕೋಪೇ ಬೇಕು. ಬೆರಳುದ್ದದ ಕೊಳವೆ ಅದು. ಒಳಗಿಟ್ಟು, ದೀಪ ಹಿಡಿದು, ನಿಧಾನಕ್ಕೆ ಹೊರಗೆಳೆಯುತ್ತ ಸ್ವಲ್ಪ ಮುಕ್ಕಲು ಹೇಳಿದರೆ ಮೆತ್ತೆಗಳು ಕೊಳವೆಯೊಳಗೆ ಉಬ್ಬಿ ಬರುತ್ತವೆ. ಬಲಗಡೆಯ ಎರಡು ಮೆತ್ತೆಗಳು ಊದಿದ್ದವು. ಮುಂಬದಿಯ ಮೆತ್ತೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಹತ್ತಿಯಿಂದ ಮುಟ್ಟಿದರೆ ರಕ್ತ ಜಿನುಗಿತು. ಹೊರಗೆ ಜಾರುವ ಹಂತ ಬಂದಿರಲಿಲ್ಲ, ಹಾಗಾಗಿ ಮೊದಲ ದರ್ಜೆಯ ಪೈಲ್ಸ್.

ಅಂದರೆ ಮನೆಯವರ ತೀರ್ಮಾನ ಪೂರ್ತಿ ಸುಳ್ಳಾಗಿರಲಿಲ್ಲ, ಎರಡು ತಿಂಗಳು ಮುಂಚೆ ಬಂದಿತ್ತು ಅಷ್ಟೇ. ಒಂದೇ ಮನುಷ್ಯ, ಒಂದೇ ತಿಣುಕು, ಎರಡು ಬೇರೆ ಬೇರೆ ಜಾಗದಿಂದ ಒಂದೇ ಬಣ್ಣದ ರಕ್ತ. ಮಲಬದ್ಧತೆ ಎರಡಕ್ಕೂ ಮೂಲವಾದ್ದರಿಂದ ಇವು ಜೊತೆಯಾಗಿ ಇರುವುದು ಅಪರೂಪವೇನೂ ಅಲ್ಲ. ಆದರೆ ಯಾವುದು ಈಗ ರಕ್ತ ಸುರಿಸುತ್ತಿದೆ ಎಂಬುದು ತಿಳಿಯದೆ ಚಿಕಿತ್ಸೆ ಮಾಡಿದರೆ ಕೆಡುತ್ತದೆ. ಫಿಶರ್ ಹಸಿಯಾಗಿದ್ದಾಗ, ಪೈಲ್ಸ್ ಎಂದುಕೊಂಡು ಒಳಗೆ ಕೊಳವೆ ತೂರಿಸಿ ಮೆತ್ತೆಗೆ ರಬ್ಬರ್ ಬ್ಯಾಂಡ್ ಹಾಕಲು ಹೋಗಿದ್ದರೆ ನೋವು ಇಮ್ಮಡಿಯಾಗುತ್ತಿತ್ತು, ಗಾಯ ಹಾಗೇ ಉಳಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಆಪರೇಷನ್ ಇಲ್ಲದೆ ಪೈಲ್ಸ್, ಫಿಸ್ಟುಲಾ ಗ್ಯಾರಂಟಿ ವಾಸಿ’ ಎಂದು ಬೋರ್ಡು ಹಾಕಿಕೊಂಡವರು ಎಲ್ಲವನ್ನೂ ಪೈಲ್ಸ್ ಎಂದೇ ಕರೆದು ಏನನ್ನೋ ಚುಚ್ಚುತ್ತಾರೆ. ಸುಟ್ಟು, ಕೊಳೆತು, ಕೊನೆಗೆ ಗುದದ್ವಾರ ಕಿರುಬೆರಳೂ ಹೋಗದಷ್ಟು ಕುಗ್ಗಿ ಬಂದವರನ್ನು ನೋಡಿದ್ದೇನೆ. ಅದನ್ನು ಸರಿಪಡಿಸುವ ಕಷ್ಟದ ಮುಂದೆ ಮೂಲ ಕಾಯಿಲೆ ಏನೂ ಅಲ್ಲ.

ಮೊದಲ ದರ್ಜೆಯ ಪೈಲ್ಸ್‌ಗೆ ಹೊಸ ಔಷಧಿ ಬರೆಯಲಿಲ್ಲ. ಕೈಬಿಟ್ಟಿದ್ದ ಇಸಬ್‌ಗೋಲ್ ಮತ್ತೆ, ಈ ಬಾರಿ ತಿಂಗಳುಗಳ ಲೆಕ್ಕದಲ್ಲಿ. ವಾರದಲ್ಲಿ ನಾಲ್ಕು ದಿನವಾದರೂ ಮುದ್ದೆ, ದಿನಕ್ಕೊಂದು ಸೀಬೆಹಣ್ಣು. ಸೀಬೆಯ ಬೀಜ ಪೈಲ್ಸ್‌ಗೆ ಚುಚ್ಚುತ್ತದೆ ಎಂದು ಅವರ ತಾಯಿ ಹೇಳಿದ್ದರಂತೆ, ಹಾಗೇನಿಲ್ಲ, ತಿನ್ನಬಹುದು. ಎರಡು ವಾರದಲ್ಲಿ ರಕ್ತ ನಿಂತಿತು. ನಿಲ್ಲದಿದ್ದರೆ ಮುಂದಿನ ಹೆಜ್ಜೆ ಬ್ಯಾಂಡ್: ಊದಿದ ಮೆತ್ತೆಯ ಬುಡಕ್ಕೆ, ಗಡಿರೇಖೆಗಿಂತ ಸಾಕಷ್ಟು ಮೇಲೆ, ಸಣ್ಣ ರಬ್ಬರ್ ಉಂಗುರ ಹಾಕುವುದು. ನೋವು ಗೊತ್ತಾಗದ ಜಾಗವಾದ್ದರಿಂದ ಅರಿವಳಿಕೆ ಬೇಕಿಲ್ಲ, ಐದಾರು ನಿಮಿಷದ ಕೆಲಸ. ವಾರದೊಳಗೆ ಮೆತ್ತೆ ಒಣಗಿ ಬಿದ್ದುಹೋಗುತ್ತದೆ, ಆಗ ಸ್ವಲ್ಪ ರಕ್ತ ಕಾಣುವುದು ಸಹಜ. ಹಾಕಿದ ಮೇಲೆ ನೋವು ಏರುತ್ತ ಹೋಗಿ, ಜ್ವರ ಬಂದು, ಮೂತ್ರ ಕಟ್ಟಿದರೆ ಮಾತ್ರ ಆ ರಾತ್ರಿಯೇ ಆಸ್ಪತ್ರೆಗೆ ಬರಬೇಕು.

ಇಷ್ಟಾದ ಮೇಲೆ ಅವರ ಹೆಂಡತಿ ಕೇಳಿದ ಪ್ರಶ್ನೆ ನ್ಯಾಯವಾದದ್ದು: “ಡಾಕ್ಟ್ರೇ, ಎರಡು ಸಲ ರಕ್ತ ಹೋಗಿದೆ. ಒಂದು ಸಲ ಕೊಲೊನೋಸ್ಕೋಪಿ ಮಾಡಿಸಿಬಿಡೋಣವಾ?”

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಆ ಪರೀಕ್ಷೆ ಬೇಡ ಎಂದೆ, ಕಾರಣವನ್ನೂ ಹೇಳಿದೆ. ವಯಸ್ಸು 34. ಎರಡೂ ಸಲ ರಕ್ತ ಬರುವ ಜಾಗ ಕಣ್ಣಾರೆ ಕಂಡಿದೆ, ಚಿಕಿತ್ಸೆಗೆ ಎರಡೂ ಸಲ ನಿಂತಿದೆ. ಹಿಮೋಗ್ಲೋಬಿನ್ ಸರಿಯಿದೆ, ತೂಕ ಇಳಿದಿಲ್ಲ, ಮಲದ ರೂಢಿ ಹೊಸದಾಗಿ ಬದಲಾಗಿಲ್ಲ, ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಇಲ್ಲ. ಇದೇ ಕತೆಯನ್ನು 52 ವರ್ಷದವರು ಹೇಳಿದ್ದರೆ, ಪೈಲ್ಸ್ ಎದುರಿಗೇ ಕಾಣುತ್ತಿದ್ದರೂ ಮಾಡಿಸುತ್ತಿದ್ದೆ. ಏಕೆಂದರೆ ಆ ವಯಸ್ಸಿನಲ್ಲಿ ಪೈಲ್ಸ್ ಎಷ್ಟೋ ಜನರಿಗೆ ಇದ್ದೇ ಇರುತ್ತದೆ. ಅದು ಇರುವುದರಿಂದ ಮೇಲೆ ಇನ್ನೊಂದು ಇಲ್ಲ ಎಂದಾಗುವುದಿಲ್ಲ. ಕೆಳಗರುಳಿನ ಗಡ್ಡೆಯ ರಕ್ತವೂ ಕೆಂಪಗೇ ಇರಬಹುದು. ರಕ್ತ ಮಲದೊಳಗೆ ಕಲೆಸಿಕೊಂಡಿರುವುದು, ಲೋಳೆ, ವಾರಗಟ್ಟಲೆ ಭೇದಿ ಅಥವಾ ಹೊಸದಾಗಿ ಶುರುವಾದ ಮಲಬದ್ಧತೆ, ಹೋಗಿಬಂದರೂ ಮುಗಿಯದ ಅನಿಸಿಕೆ, ಕಾರಣವಿಲ್ಲದ ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ವಯಸ್ಸು ಮೂವತ್ತೇ ಆಗಲಿ, ಒಳಗೆ ನೋಡಿಸಬೇಕು. ಕಪ್ಪು, ಡಾಂಬರಿನಂಥ ಮಲ ಹೊಟ್ಟೆ ಅಥವಾ ಸಣ್ಣ ಕರುಳಿನಲ್ಲಿ ರಕ್ತ ಸೋರುತ್ತಿರುವ ಸೂಚನೆ, ಅದು ಇನ್ನೂ ತುರ್ತು. ಕಬ್ಬಿಣದ ಮಾತ್ರೆ ನುಂಗುವವರಲ್ಲಿ ಮಲ ಕಪ್ಪಾಗುವುದು ಬೇರೆ ವಿಷಯ. ಹಾಗೆಯೇ ಬೀಟ್‌ರೂಟ್ ಪಲ್ಯ ತಿಂದ ಮಾರನೇ ದಿನ ಹೆದರಿ ಬಂದವರೂ ಇದ್ದಾರೆ.

ಮೂರು ತಿಂಗಳಿಗೆ ಕೊನೆಯ ಬಾರಿ ನೋಡಿದಾಗ ನೋವಿಲ್ಲ, ರಕ್ತವಿಲ್ಲ. ಉಳಿದದ್ದು ಆ ಚರ್ಮದ ಗಂಟು. ಕನ್ನಡಿಯಲ್ಲಿ ಕಾಣುತ್ತದೆ, ಕೈಗೆ ತಾಗುತ್ತದೆ, ತೆಗೆದುಬಿಡಿ ಎಂದು ಕೇಳಿದರು. ಅದು ತಾನಾಗಿ ಕರಗುವುದಿಲ್ಲ, ಆದರೆ ಕ್ಯಾನ್ಸರ್ ಆಗುವುದೂ ಇಲ್ಲ. ತೊಳೆಯಲು ತೊಡಕಾಗಿ ತುರಿಕೆ ಬರುತ್ತಿದ್ದರೆ ತೆಗೆಯಬಹುದು. ಇವರಿಗೆ ಅಂಥ ತೊಂದರೆ ಇರಲಿಲ್ಲ. ಕತ್ತರಿಸಿದರೆ ಈಗಷ್ಟೇ ಮಾಯ್ದ ಜಾಗದ ಪಕ್ಕದಲ್ಲೇ ಹೊಸ ಗಾಯ, ಮತ್ತೆ ನೋವು, ಮತ್ತೆ ಸ್ನಾಯುವಿನ ಬಿಗಿತ. ಹಾಗೇ ಬಿಡೋಣ, ಆರು ತಿಂಗಳ ನಂತರವೂ ಕಿರಿಕಿರಿ ಎನಿಸಿದರೆ ನೋಡೋಣ ಎಂದೆ. ಅವರು ಒಪ್ಪಿದರು, ಆಮೇಲೆ ಆ ವಿಷಯಕ್ಕೆ ಬರಲಿಲ್ಲ.